ಗಾಜಿನ ಹಿಂದಿನ ಜರಿಗಿಡ

ನರ್ಸರಿಯನ್ನು ಎರಡು ಪಾಲು ಮಾಡಿ ನಡುವೆ ತಗಡು ಹೊಡೆದದ್ದು ಒಂದು ಭಾನುವಾರ. ಸೋಮವಾರ ಬೆಳಿಗ್ಗೆ ಏಳಕ್ಕೆಲ್ಲ ತಗಡಿನ ಆ ಬದಿಯಿಂದ ಭಾವನ ದನಿ ಕೇಳಿಸಿತು.

“ನಿಮ್ಮ ಗಿಡ ಇನ್ನೂ ನಮ್ಮ ನೆರಳುಮನೇಲೇ ಇದ್ದಾವೆ. ಇವತ್ತು ಸಂಜೆಯೊಳಗೆ ಖಾಲಿ ಆಗ್ಬೇಕು. ನಾಳೆ ನಮ್ಮ ಸಸಿ ಬರ್ತಾವೆ.”

ಚಿಕ್ಕಕ್ಕ ಅಂಗಡಿಯ ಬಾಗಿಲಿಗೆ ಬೀಗದ ಕೈ ಹಾಕುತ್ತಿದ್ದವಳು ಹಾಗೇ ನಿಂತಳು. ಹತ್ತು ದಿನ ಬಿಡುತ್ತೇವೆ ಎಂದು ಪಾಲಿನ ದಿನ ಎಲ್ಲರೆದುರು ಒಪ್ಪಿದವರು ಇದೇ ಭಾವ. ಅದನ್ನು ನೆನಪಿಸಲು ಬಾಯಿ ತೆರೆದಳು. ಆದರೆ ಆ ಕಡೆ ಭಾವನ ಪಕ್ಕದಲ್ಲಿ ಅಕ್ಕನೂ ನಿಂತಿದ್ದಾಳೆ ಎಂಬುದು ಅವಳ ಬಳೆಯ ಸದ್ದಿನಿಂದಲೇ ಗೊತ್ತಾಯಿತು. ಅಕ್ಕ ಏನಾದರೂ ಹೇಳುತ್ತಾಳೆಂದು ಕಾದಳು. ಅಕ್ಕ ಹೇಳಲಿಲ್ಲ.

“ಸಂಜೆವರೆಗೂ ಯಾಕೆ ಭಾವ, ಮಧ್ಯಾಹ್ನದೊಳಗೆ ಎತ್ಕೊಂಡು ಹೋಗ್ತೀನಿ. ನಿಮ್ಮ ನೆರಳು ನಿಮಗೇ ಇರಲಿ” ಎಂದಳು.

ಗಿರಾಕಿಗಳು ಅಕ್ಕನನ್ನು ದೊಡ್ಡಕ್ಕ ಎಂದೂ ತಂಗಿಯನ್ನು ಚಿಕ್ಕಕ್ಕ ಎಂದೂ ಕರೆದು ಕರೆದು ಅವೇ ಹೆಸರುಗಳಾಗಿಬಿಟ್ಟಿದ್ದವು. ಅಪ್ಪ ಇದ್ದಾಗ ಕೆಲಸ ತಾನಾಗಿಯೇ ಹಂಚಿಹೋಗಿತ್ತು. ದೊಡ್ಡಕ್ಕ ಹಿಂದೆ: ಮಣ್ಣು ಕಲಸುವುದು, ಬುಡ ಸೀಳಿ ಹೊಸ ಕುಂಡ ಕಟ್ಟುವುದು, ಹುಳ ಹಿಡಿಯುವುದು. ಚಿಕ್ಕಕ್ಕ ಮುಂದೆ: ಅಂಗಡಿ, ಫೋನು, ನಗುಮೊಗ. ಅಪ್ಪ ತೀರಿಕೊಂಡ ಮೇಲೆ ಚೀಟಿ ಎತ್ತಿದರು. ಹಿಂದಿನ ಜಾಗ, ನೀರಿನ ತೊಟ್ಟಿ, ದೊಡ್ಡ ಮರ, ಅದರ ಪಕ್ಕದ ನೆರಳುಮನೆ ಇವೆಲ್ಲ ಅಕ್ಕನಿಗೆ ಹೋದವು. ರಸ್ತೆಗೆ ಮುಖ ಮಾಡಿದ ಅಂಗಡಿ ಮತ್ತು ಅದರ ಬೆನ್ನಿನ ಬಯಲು ಅಂಗಳ ತಂಗಿಗೆ ಬಂದವು. ಗಿಡಗಳಿಗೆ ಬೇರೆ ಚೀಟಿ. ಅದರಲ್ಲಿ ಜರಿಗಿಡಗಳ, ಅಂದರೆ ಫರ್ನುಗಳ, ಚೀಟಿ ಚಿಕ್ಕಕ್ಕನ ಕೈಗೆ ಬಂತು. ನೂರಿಪ್ಪತ್ತು ಕುಂಡ. ಇಪ್ಪತ್ತು ವರ್ಷ ಅವನ್ನು ಸಾಕಿದವಳು ದೊಡ್ಡಕ್ಕ. ಚೀಟಿ ಬಿಚ್ಚಿ ಓದಿದಾಗ ಅವಳ ಮುಖ ಕಪ್ಪಿಟ್ಟಿತು. “ಬದಲಾಯಿಸ್ಕೊಳ್ಳೋಣ್ವಾ?” ಎಂದು ಒಂದೇ ಒಂದು ಸಲ ಕೇಳಿದ್ದಳು. ಬೇಕಾದದ್ದು ಕೇಳಿದ ಕೂಡಲೇ ಸಿಗುತ್ತದೆಂದು ಅಕ್ಕ ಅಂದುಕೊಂಡಿದ್ದಾಳೆ ಎನಿಸಿ ಚಿಕ್ಕಕ್ಕ, “ಚೀಟಿ ಅಂದ್ರೆ ಚೀಟಿ” ಎಂದುಬಿಟ್ಟಿದ್ದಳು. ಅಲ್ಲಿಂದ ಮುಂದೆ ಅಕ್ಕ ತಂಗಿಯರ ನಡುವೆ ಮಾತು ನಿಂತಿತು.

ಸೋಮವಾರ ಮೋಡ ಕವಿದಿತ್ತು. ಚಿಕ್ಕಕ್ಕ ಕೈಗಾಡಿಯಲ್ಲಿ ಕುಂಡಗಳನ್ನು ಹತ್ತು ಹತ್ತಾಗಿ ಹೇರಿ, ಅಕ್ಕನ ಜಾಗದ ಪಕ್ಕದ ಓಣಿಯಿಂದ ಹೊರಬಂದು, ರಸ್ತೆ ಸುತ್ತಿ ತನ್ನ ಅಂಗಳಕ್ಕೆ ತಂದಳು. ಸಹಾಯಕ್ಕೆ ಇದ್ದದ್ದು ಪೈಪಜ್ಜಿ ಒಬ್ಬಳೇ. ನೀರಿನ ಪೈಪು ಕೈಯಲ್ಲಿ ಇಲ್ಲದೆ ಅವಳನ್ನು ಕಂಡವರಿಲ್ಲ, ಅದಕ್ಕೆ ಆ ಹೆಸರು. ಪಾಲಾದ ಮೇಲೆ ಅವಳನ್ನೂ ಪಾಲು ಮಾಡಿದ ಹಾಗಾಗಿತ್ತು. ಬೆಳಿಗ್ಗೆ ಹತ್ತರವರೆಗೆ ದೊಡ್ಡಕ್ಕನಿಗೆ, ಆಮೇಲೆ ಚಿಕ್ಕಕ್ಕನಿಗೆ.

“ಇಲ್ಲಿ ಮೇಲೆ ಏನೂ ಇಲ್ವಲ್ಲಮ್ಮ” ಎಂದಳು ಪೈಪಜ್ಜಿ, ಬಯಲು ಅಂಗಳದ ನಡುವೆ ನಿಂತು ಆಕಾಶ ನೋಡುತ್ತ.

“ನೆರಳಿಗೆ ಬಲೆ ತರಿಸ್ತೀನಿ. ಈ ವಾರ ಬರುತ್ತೆ. ಈಗೇನು ಬಿಸಿಲಿದೆಯಾ?”

ಬಿಸಿಲು ಇರಲಿಲ್ಲ. ಮಂಗಳವಾರವೂ ಇರಲಿಲ್ಲ. ಮೋಡದ ತಣ್ಣನೆಯ ಬೆಳಕಿನಲ್ಲಿ ಜರಿಗಿಡಗಳು ಬಾಚಿದ ತಲೆಗೂದಲಿನಂತೆ ಕುಂಡದ ಸುತ್ತ ಇಳಿಬಿದ್ದು, ಎಂದಿಗಿಂತ ಚೆನ್ನಾಗಿ ಕಾಣುತ್ತಿದ್ದವು. ಚಿಕ್ಕಕ್ಕನಿಗೆ ಹೆಮ್ಮೆ ಎನಿಸಿತು. ನೆರಳುಮನೆ, ನೆರಳುಮನೆ ಎಂದು ಅಕ್ಕ ಇಷ್ಟು ವರ್ಷ ಮಾಡಿದ್ದೆಲ್ಲ ಬರೀ ಒಣ ಜಂಬ ಎಂದುಕೊಂಡಳು. ಎಲ್ಲಕ್ಕಿಂತ ದೊಡ್ಡದಾದ, ಅಪ್ಪನ ಕಾಲದ ತಾಯಿಗಿಡವನ್ನು ಅಂಗಡಿಯ ಒಳಗೆ, ರಸ್ತೆಗೆ ಕಾಣುವ ಗಾಜಿನ ಹಿಂದೆ ಎತ್ತರದ ಸ್ಟೂಲಿನ ಮೇಲೆ ಇಟ್ಟಳು. ಹೋಗಿ ಬರುವವರು ನಿಂತು ನೋಡಿದರು. ಶೇಡ್ ನೆಟ್ ತರಿಸುವ ಮಾತು ಹಿಂದೆ ಬಿತ್ತು.

ಬುಧವಾರ ಅಂಗಡಿಯ ಲೈಸೆನ್ಸನ್ನು ತನ್ನ ಹೆಸರಿಗೆ ಮಾಡಿಸಲು ಚಿಕ್ಕಕ್ಕ ಎಂಟಕ್ಕೇ ಬಾಗಿಲು ಹಾಕಿಕೊಂಡು ಹೊರಟಳು. ಅಂದು ಪೈಪಜ್ಜಿಗೆ ಮೊಮ್ಮಗಳನ್ನು ಆಸ್ಪತ್ರೆಗೆ ಕರೆದೊಯ್ಯುವುದಿತ್ತು, ಅವಳೂ ರಜೆ. ಹೊರಡುವಾಗ ತಗಡಿನ ಆ ಬದಿಯಲ್ಲಿ ಔಷಧಿ ಹೊಡೆಯುವ ಪಂಪಿನ ಕಿರುಗುಟ್ಟುವ ಸದ್ದು ಕೇಳಿಸಿತು. ಭಾವ ತಗಡಿನ ಬೇಲಿಯುದ್ದಕ್ಕೂ ಕಳೆನಾಶಕ ಹೊಡೆಯುತ್ತಿದ್ದರು. ಚಿಕ್ಕಕ್ಕ ಅದನ್ನು ಅಷ್ಟಕ್ಕೇ ಬಿಟ್ಟಳು.

ಒಂಬತ್ತಕ್ಕೆ ಮೋಡ ಹರಿಯಿತು. ಕಚೇರಿಯ ಬೆಂಚಿನ ಮೇಲೆ ಸರದಿ ಕಾಯುತ್ತ ಕುಳಿತಿದ್ದ ಅವಳ ಕಾಲ ಬಳಿ ಬಿಸಿಲು ಬಂದು ಬಿತ್ತು. ಚಪ್ಪಲಿ ಕಾದದ್ದಕ್ಕೆ ಕಾಲು ಹಿಂದೆಳೆದುಕೊಂಡಳು. ಗಿಡದ ನೆನಪು ಬರಲಿಲ್ಲ. ಬರಬೇಕಾಗಿತ್ತು ಎಂದು ಆಮೇಲೆ ಎಷ್ಟೋ ಸಲ ಅನ್ನಿಸಿತು.

ಸಂಜೆ ಐದೂವರೆಗೆ ಬಂದು ಹಿಂದಿನ ಬಾಗಿಲು ತೆರೆದಾಗ ಜರಿಗಿಡಗಳೆಲ್ಲ ಸೋತು ಜೋತುಬಿದ್ದಿದ್ದವು. ಹಸಿರಿನ ಮೇಲೆ ಬೂದಿ ಉದುರಿದಂತೆ ಮಬ್ಬು. ನೀರು ಸಾಲದೆ ಹೀಗಾಗಿದೆ ಎಂದು ಎಲ್ಲಕ್ಕೂ ಧಾರಾಳ ನೀರು ಬಿಟ್ಟು ಹೋದಳು. ಗುರುವಾರ ಬೆಳಿಗ್ಗೆ ನೋಡಿದರೆ ಆ ಮಬ್ಬು ಒಣಹುಲ್ಲಿನ ಬಣ್ಣಕ್ಕೆ ತಿರುಗಿತ್ತು. ಮುಟ್ಟಿದರೆ ಎಲೆ ಹಳೆಯ ಪತ್ರಿಕೆಯಂತೆ ಪುಡಿಯಾಗುತ್ತಿತ್ತು. ಅಂಗಡಿಯ ಗೋಡೆಗೆ ಹತ್ತಿರವಿದ್ದ ಎರಡು ಸಾಲು ಪರವಾಗಿಲ್ಲ ಎನ್ನುವಂತಿತ್ತು. ಅಲ್ಲಿಂದ ಮುಂದೆ ಹೋದಷ್ಟೂ ಹೆಚ್ಚು ಹಾಳು. ತಗಡಿನ ಪಕ್ಕದ ಸಾಲಂತೂ ಕಾದ ಕಬ್ಬಿಣ ಇಟ್ಟು ತೆಗೆದಂತಿತ್ತು.

ತಗಡಿನ ಪಕ್ಕ. ಪಂಪಿನ ಸದ್ದು. ಎರಡೂ ಒಟ್ಟಿಗೆ ಅವಳ ತಲೆಯಲ್ಲಿ ಬಂದು ಕೂತವು.

ಅವಳು ಓಣಿ ಸುತ್ತಿ ಓಡಿದಳು. ದೊಡ್ಡಕ್ಕ ಇಬ್ಬರು ಗಿರಾಕಿಗಳಿಗೆ ಗುಲಾಬಿ ತೋರಿಸುತ್ತಿದ್ದಳು.

“ಮನಸ್ಸಾದ್ರೂ ಹೇಗೆ ಬಂತು ನಿಂಗೆ?” ಎಂದಳು ಚಿಕ್ಕಕ್ಕ ಉಸಿರು ಎಳೆದುಕೊಳ್ಳುತ್ತ. “ನಿಂಗೆ ಸಿಗ್ಲಿಲ್ಲ ಅಂತ ಕೊಂದುಬಿಟ್ಯಾ? ನೂರಿಪ್ಪತ್ತು ಗಿಡ!”

“ಏನು ಮಾತಾಡ್ತಿದ್ದೀಯ?”

“ನಿನ್ನೆ ನಾನು ಅತ್ತ ಹೋಗೋದನ್ನೇ ಕಾಯ್ತಿದ್ರಿ ಇಬ್ರೂ. ಗಂಡ ಪಂಪ್ ಹಿಡ್ಕೊಂಡ, ನೀನು ತಗಡಿನ ಮೇಲಿಂದ ಎಲ್ಲಿ ಹೊಡೀಬೇಕು ಅಂತ ತೋರಿಸ್ದೆ. ಅಪ್ಪ ಸಾಕಿದ ಗಿಡ ಅಕ್ಕ ಅವು!”

ಭಾವನನ್ನು ಏಕವಚನದಲ್ಲಿ ಕರೆದದ್ದು ಅದೇ ಮೊದಲು. ಗಿರಾಕಿಗಳು ಗುಲಾಬಿ ಕೆಳಗಿಟ್ಟರು. ದೊಡ್ಡಕ್ಕನ ದನಿ ಏರಲಿಲ್ಲ, ಇಳಿಯಿತು.

“ಅಪ್ಪ ಸಾಕಿದ್ದಾ? ಸಾಕಿದ್ದು ನಾನು. ಬಿಸಿಲಲ್ಲಿ ಇಟ್ಟಿದ್ದೀಯ ಅಲ್ವಾ? ಎಲೆ ತಿರುಗಿಸಿ ನೋಡಿದ್ಯಾ? ಯಾವ ಮಗ್ಗುಲು ಸುಟ್ಟಿದೆ ನೋಡು. ನಿನ್ನ ಅಂಗಡಿ ಕಡೆ ಮಗ್ಗುಲು ಸುಟ್ಟಿದ್ರೆ, ಔಷಧಿ ಆ ಕಡೆಯಿಂದ ಬಂತಾ?”

“ಬಿಸಿಲಂತೆ ಬಿಸಿಲು! ಎರಡು ದಿನದಿಂದ ಅಲ್ಲೇ ಇದ್ವು, ಏನೂ ಆಗಿರ್ಲಿಲ್ಲ. ನಿನ್ನೆ ನೀವು ಪಂಪ್ ಹಿಡಿದ್ರಿ, ನಿನ್ನೇನೇ ಆಯ್ತು. ಸಂಘಕ್ಕೆ ದೂರು ಕೊಡ್ತೀನಿ. ಊರಿಗೆಲ್ಲ ಗೊತ್ತಾಗ್ಲಿ.”

“ಕೊಡು ಹೋಗು” ಎಂದಳು ದೊಡ್ಡಕ್ಕ. “ಆ ಗಿಡ ನಿನ್ನ ಪಾಲಿಗೆ ಬಂದಾಗ್ಲೇ ಅವುಗಳ ಹಣೆಬರಹ ನಂಗೆ ಗೊತ್ತಿತ್ತು.”

ಚಿಕ್ಕಕ್ಕ ದೂರು ಕೊಟ್ಟೇಬಿಟ್ಟಳು. ನರ್ಸರಿ ಮಾಲೀಕರ ಸಂಘದ ಅಧ್ಯಕ್ಷರು ಫೋನಿನಲ್ಲಿ ಎಲ್ಲವನ್ನೂ ಕೇಳಿಸಿಕೊಂಡು, ಭಾನುವಾರ ಖುದ್ದಾಗಿ ಬಂದು ನೋಡುವುದಾಗಿಯೂ, ಅಲ್ಲಿಯವರೆಗೆ ಒಂದು ಎಲೆಯನ್ನೂ ಕತ್ತರಿಸಬಾರದೆಂದೂ ಹೇಳಿದರು. ಪಕ್ಕದವರ ಗಿಡಕ್ಕೆ ವಿಷ ಹಾಕಿದ್ದು ಸಾಬೀತಾದರೆ ದೊಡ್ಡಕ್ಕನ ಹೆಸರು ಸಂಘದ ಪಟ್ಟಿಯಿಂದ ಹೋಗುತ್ತಿತ್ತು. ಪಟ್ಟಿಯಲ್ಲಿಲ್ಲದವರ ಸಸಿಯನ್ನು ಯಾವ ಉದ್ಯಾನವೂ ಶಾಲೆಯೂ ತೆಗೆದುಕೊಳ್ಳುವುದಿಲ್ಲ. ಅದು ಚಿಕ್ಕಕ್ಕನಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೇ ಫೋನು ಮಾಡಿದ್ದಳು.

ಫೋನು ಇಟ್ಟ ಮೇಲೆ ಅಂಗಡಿ ಗುಡಿಸಲು ಹೋದಳು. ಗಾಜಿನ ಬದಿಯ ಸ್ಟೂಲಿನ ಕೆಳಗೆ ಒಣ ಎಲೆಪುಡಿ ಬಿದ್ದಿತ್ತು. ಒಳಗಿನಿಂದ ನೋಡಿದರೆ ತಾಯಿಗಿಡ ಎಂದಿನ ಹಾಗೆ ಹಸಿರು. ಕುಂಡವನ್ನು ಹಿಡಿದು ಅರ್ಧ ಸುತ್ತು ತಿರುಗಿಸಿದಳು.

ರಸ್ತೆಯ ಕಡೆಗಿದ್ದ ಮಗ್ಗುಲು ಪೂರ್ತಿ ಬಿಳಿಚಿ, ಒಣಹುಲ್ಲಿನ ಬಣ್ಣವಾಗಿ, ಗರಿಗರಿಯಾಗಿತ್ತು. ಹೊರಗಿನ ಗಿಡಗಳದ್ದೇ ಬಣ್ಣ, ಅದೇ ಪುಡಿ. ಮೇಲಿನ ದಂಟು ಕೆಳಗಿನದರ ಮೇಲೆ ಅಡ್ಡ ಬಿದ್ದ ಕಡೆಯಲ್ಲಿ ಮಾತ್ರ, ಮೇಲಿನದನ್ನು ಎತ್ತಿದರೆ, ಕೆಳಗೆ ಹಸಿರು ಗೆರೆ ಉಳಿದಿತ್ತು.

ಬುಧವಾರ ಅಂಗಡಿಗೆ ಬೀಗ. ಕಿಟಕಿಯದು ತೆರೆಯಲಾಗದ ಗಾಜು. ತಗಡು ಇರುವುದು ಅಂಗಳದ ಆ ತುದಿಗೆ, ನಡುವೆ ಎರಡು ಗೋಡೆ. ಯಾವ ಔಷಧಿಯೂ ಇಲ್ಲಿಗೆ ಬರಲು ಸಾಧ್ಯವಿರಲಿಲ್ಲ. ಬಂದದ್ದು ಮಧ್ಯಾಹ್ನದ ಮೇಲಿನ ಬಿಸಿಲೊಂದೇ. ಅಂಗಡಿಯ ಮುಖ ಪಡುವಣಕ್ಕೆ. ಗಾಜಿಗೆ ಕೈ ಇಟ್ಟಳು. ಎರಡೂವರೆ ಗಂಟೆಯ ಬಿಸಿಲಿಗೆ ಅದು ಒಲೆಯ ಮೇಲಿಂದ ಆಗತಾನೆ ಇಳಿಸಿದ ಪಾತ್ರೆಯಂತೆ ಸುಡುತ್ತಿತ್ತು.

ಆಗ ಉಳಿದದ್ದೂ ಅರ್ಥವಾಯಿತು. ಅಂಗಡಿಯ ನೆರಳು ಮಧ್ಯಾಹ್ನ ತಿರುಗಿದಂತೆ ಅಂಗಳದ ಮೇಲೆ ಚಾಚುತ್ತದೆ. ಗೋಡೆಯ ಪಕ್ಕದ ಎರಡು ಸಾಲು ಬೇಗ ಆ ನೆರಳಿಗೆ ಸೇರಿ ಬದುಕಿದ್ದವು. ತಗಡಿನ ಪಕ್ಕದ ಸಾಲಿಗೆ ನೆರಳು ಮುಟ್ಟುವಷ್ಟರಲ್ಲಿ ಸಂಜೆ. ಸಾಲದ್ದಕ್ಕೆ ಹೊಸ ತಗಡು ಬಿಸಿಲನ್ನು ಅವುಗಳ ಮೇಲೆಯೇ ತಿರುಗಿಸಿ ಎಸೆದಿತ್ತು.

ಚಿಕ್ಕಕ್ಕ ಪೊರಕೆ ಕೆಳಗಿಟ್ಟಳು. ಆಮೇಲೆ ತಾಯಿಗಿಡವನ್ನು ತಬ್ಬಿ ಎತ್ತಿಕೊಂಡು ಹೋಗಿ ಬಚ್ಚಲಲ್ಲಿಟ್ಟು ಅದರ ಮೇಲೆ ಗೋಣಿಚೀಲ ಹೊದಿಸಿದಳು.

ಶುಕ್ರವಾರ ಪೈಪಜ್ಜಿ ಬಕೆಟ್ ತರಲು ಬಚ್ಚಲಿಗೆ ಹೋದಳು. ಬೇಗ ಹೊರಗೆ ಬರಲಿಲ್ಲ. ಬಂದವಳು ಬಕೆಟ್ ಕೆಳಗಿಟ್ಟು ಸೊಂಟದ ಮೇಲೆ ಕೈಯಿಟ್ಟಳು.

“ಗಾಜಿನ ಹಿಂದೆ ಇದ್ದ ಗಿಡ ಬಚ್ಚಲಿಗೆ ಯಾಕಮ್ಮ ಹೋಯ್ತು?”

“ತಣ್ಣಗಿರಲಿ ಅಂತ.”

“ಹೂಂ. ಮುಸುಕು ಹಾಕ್ಕೊಂಡು ತಣ್ಣಗೆ ಕೂತಿದೆ.” ಪೈಪು ಜೋಡಿಸಿ ನೀರು ಬಿಟ್ಟಳು. ನೀರಿನ ಸದ್ದಿನ ನಡುವೆಯೇ, “ಅಂಗಡಿ ಒಳಗೆ ಬಂದು ಯಾರು ಔಷಧಿ ಹೊಡೆದ್ರೋ ಪಾಪ” ಎಂದಳು.

“ಅಜ್ಜಿ, ನೀನು ನಿನ್ನ ಕೆಲಸ ನೋಡು.”

“ಅದನ್ನೇ ನೋಡ್ತಿದ್ದೀನಿ. ಎರಡೂ ಕಡೆ ಕೂಲಿ ತಗೊಳ್ಳೋಳು ನಾನು. ಆ ಕಡೇದು ಈ ಕಡೆ ಆಡಲ್ಲ, ಈ ಕಡೇದು ಆ ಕಡೆ ಆಡಲ್ಲ. ಆದ್ರೆ ಆ ಕಡೆ ನಿನ್ನೆಯಿಂದ ಒಲೆ ಹಚ್ಚಿಲ್ಲ, ಅದು ಮಾತ್ರ ಹೇಳ್ತೀನಿ.”

ಚಿಕ್ಕಕ್ಕನಿಗೆ ಸಿಟ್ಟು ನೆತ್ತಿಗೇರಿತು. ಅಜ್ಜಿಯ ಮೇಲೆ, ಅಕ್ಕನ ಮೇಲೆ, ಒಂದೇ ದಿನದಲ್ಲಿ ಖಾಲಿ ಮಾಡಿ ಎಂದ ಭಾವನ ಮೇಲೆ. ಅವರು ಹತ್ತು ದಿನ ಬಿಟ್ಟಿದ್ದರೆ ಇದು ಆಗುತ್ತಲೇ ಇರಲಿಲ್ಲ. ಹಾಗಿದ್ದ ಮೇಲೆ ತಪ್ಪು ಅವರದೇ ಅಲ್ಲವೇ? ಶನಿವಾರವಿಡೀ ಈ ಮಾತನ್ನು ತನಗೇ ಹೇಳಿಕೊಂಡಳು. ಪ್ರತಿ ಸಲ ಹೇಳಿಕೊಂಡಾಗಲೂ ಅದು ಸರಿಯೆನಿಸುತ್ತಿತ್ತು, ಅರ್ಧಗಂಟೆ ಕಳೆಯುವಷ್ಟರಲ್ಲಿ ಹುಳಿಯಾಗುತ್ತಿತ್ತು. ಅಪ್ಪನ ಗಿಡವನ್ನು ಗೋಣಿಯೊಳಗೆ ಮುಚ್ಚಿಟ್ಟವಳು ತಾನು ಎಂಬುದು ಮಾತ್ರ ಯಾವ ವಾದಕ್ಕೂ ಜಗ್ಗಲಿಲ್ಲ.

ಭಾನುವಾರ ಹನ್ನೊಂದಕ್ಕೆ ಅಧ್ಯಕ್ಷರು ಬಂದರು. ದಪ್ಪ ಕನ್ನಡಕ, ಕಂಕುಳಲ್ಲಿ ದೂರಿನ ಪುಸ್ತಕ. ಅವರ ಹಿಂದೆಯೇ ದೊಡ್ಡಕ್ಕ ಮತ್ತು ಭಾವ. ಪಾಲಾದ ಮೇಲೆ ದೊಡ್ಡಕ್ಕ ಆ ಅಂಗಳಕ್ಕೆ ಕಾಲಿಟ್ಟದ್ದು ಅದೇ ಮೊದಲು. ಜರಿಗಿಡಗಳ ಸಾಲುಗಳನ್ನು ಕಂಡದ್ದೇ ಅವಳ ಕಾಲು ನಿಂತಿತು. ಬಾಯಿಗೆ ಸೆರಗು ಒತ್ತಿಕೊಂಡಳು. ಮರುಕ್ಷಣವೇ ಸೆರಗು ಬಿಟ್ಟು ನೆಟ್ಟಗಾದಳು.

“ನೋಡಿ ಸರ್, ಕಣ್ಣಾರೆ ನೋಡಿ” ಎಂದರು ಭಾವ. “ನಾನು ಹೊಡೆದದ್ದು ನೆಲಕ್ಕೆ. ಈ ತಗಡಿನ ಬುಡದಲ್ಲಿ ಇವಳ ಬದೀಲೇ ಕಳೆ ಹಸಿರಾಗಿ ನಿಂತಿದೆ. ಕಳೆ ಔಷಧಿ ಕಳೆಗೆ ತಾಗದೆ ಗಿಡಕ್ಕೆ ತಾಗುತ್ತಾ?”

ಅಧ್ಯಕ್ಷರು ಬಗ್ಗಿ ನೋಡಿದರು. “ಕಳೆ ಹಸಿರಿದೆ, ನಿಜ. ಆದ್ರೆ ಗಾಳಿಗೆ ತಗಡಿನ ಮೇಲಿಂದ ಹಾರಿ ಬಂದಿದ್ರೆ ಎತ್ತರದ ಗಿಡಕ್ಕೆ ಮೊದಲು ತಾಗಬಹುದು. ಬೇಲಿ ಪಕ್ಕದ ಸಾಲೇ ಜಾಸ್ತಿ ಕೆಟ್ಟಿದೆ, ಅದೂ ನಿಜ.” ಕನ್ನಡಕ ಸರಿಮಾಡಿಕೊಂಡರು. “ಬಿಸಿಲಿಂದಲೂ ಹೀಗೇ ಆಗುತ್ತೆ. ಇದೊಂದನ್ನೇ ನೋಡಿ ನಾನು ಖಚಿತವಾಗಿ ಹೇಳಲಾರೆ. ಚಿಕ್ಕಕ್ಕ, ಬೇರೆ ಎಲ್ಲಾದ್ರೂ ಇಟ್ಟ ಗಿಡ ಇದೆಯಾ? ಬೇಲಿಯಿಂದ ದೂರ?”

ಪೈಪಜ್ಜಿ ಗೋಡೆಯ ಬದಿಯಲ್ಲಿ ಪೈಪು ಸುತ್ತುತ್ತಿದ್ದಳು. ತಲೆ ಎತ್ತಲಿಲ್ಲ.

“ಇಲ್ಲ” ಎಂದಳು ಚಿಕ್ಕಕ್ಕ.

“ಸುಳ್ಳು” ಎಂದಳು ದೊಡ್ಡಕ್ಕ. “ನೂರಿಪ್ಪತ್ತು ಕುಂಡ ಕೊಟ್ಟಿದ್ದೀವಿ. ಅಪ್ಪನ ತಾಯಿಗಿಡ ಇಲ್ಲಿಲ್ಲ. ಅದನ್ನ ಏನ್ಮಾಡ್ದೆ? ಸತ್ತೇ ಹೋಯ್ತಾ?” ಕೊನೆಯ ಮಾತು ಆಡುವಾಗ ಅವಳ ದನಿ ಒಡೆಯಿತು. ದೂರಿನ ಬಗ್ಗೆ, ಪಟ್ಟಿಯ ಬಗ್ಗೆ ಕೇಳಿದ ದನಿಯಲ್ಲ ಅದು.

ಅಧ್ಯಕ್ಷರು ಪುಸ್ತಕ ಬಿಚ್ಚಿ ಪೆನ್ನಿನ ಮುಚ್ಚಳ ತೆಗೆದರು. ಚಿಕ್ಕಕ್ಕ ಪೆನ್ನನ್ನೇ ನೋಡಿದಳು. ನಂತರ ಒಳಗೆ ಹೋದಳು. ಬಚ್ಚಲಿನಿಂದ ತಾಯಿಗಿಡವನ್ನು ತಬ್ಬಿಕೊಂಡು ಬಂದು ಎಲ್ಲರ ನಡುವೆ ನೆಲದ ಮೇಲಿಟ್ಟು, ಗೋಣಿ ಎಳೆದು, ಸುಟ್ಟ ಮಗ್ಗುಲನ್ನು ಅವರತ್ತ ತಿರುಗಿಸಿದಳು.

“ಇದು ಅಂಗಡಿ ಒಳಗಿತ್ತು. ಗಾಜಿನ ಹಿಂದೆ. ಬುಧವಾರ ಪೂರ್ತಿ ಬೀಗ ಹಾಕಿತ್ತು” ಎಂದಳು. “ಔಷಧಿ ಅಲ್ಲ. ಬಿಸಿಲು. ನಾನೇ ಇಟ್ಟಿದ್ದು. ದೂರು ವಾಪಸ್ ತಗೋತೀನಿ.”

ಭಾವ ಬಾಯಿ ತೆರೆದರು. ದೊಡ್ಡಕ್ಕ ಕೈ ಎತ್ತಿ ತಡೆದಳು.

“ಯಾವಾಗಿಂದ ಗೊತ್ತಿತ್ತು ನಿಂಗೆ?”

“ಗುರುವಾರ. ಮಧ್ಯಾಹ್ನ.”

“ಮೂರು ದಿನ” ಎಂದಳು ದೊಡ್ಡಕ್ಕ. “ಮೂರು ದಿನ ನನ್ನನ್ನ ವಿಷ ಹಾಕಿದವಳು ಅಂತ ಊರು ಮಾತಾಡ್ತಿತ್ತು. ನೀನು ಇದನ್ನ ಮುಚ್ಚಿಟ್ಟುಕೊಂಡು ಕೂತಿದ್ದೆ.”

“ಒಂದೇ ದಿನದಲ್ಲಿ ಖಾಲಿ ಮಾಡಿ ಅಂದಿದ್ದು ನೀವು! ಅವತ್ತು ನೀನು ಒಂದು ಮಾತು ಆಡಿದ್ರೆ...”

“ಹೌದು, ಆಡ್ಲಿಲ್ಲ” ಎಂದಳು ದೊಡ್ಡಕ್ಕ ಕಟುವಾಗಿ. “ಬಯಲಲ್ಲಿ ಇಡ್ತೀಯ ಅಂತ ಗೊತ್ತಿತ್ತು. ಇಟ್ಟು ಅನುಭವಿಸ್ಲಿ ಅಂದ್ಕೊಂಡೆ. ಅದು ನನ್ನ ತಪ್ಪು. ಆದ್ರೆ ನಾನು ಮುಚ್ಚಿಡ್ಲಿಲ್ಲ, ನಿನ್ನ ಮುಖಕ್ಕೇ ಹೇಳ್ದೆ ಎಲೆ ತಿರುಗಿಸಿ ನೋಡು ಅಂತ.”

ಅಧ್ಯಕ್ಷರು ಪುಸ್ತಕ ಮುಚ್ಚಿ ಕಂಕುಳಲ್ಲಿಟ್ಟುಕೊಂಡರು. ಮನೆಯವರ ಜಗಳದ ನಡುವೆ ಸಿಕ್ಕ ಹೊರಗಿನವರ ಹಾಗೆ ಒಮ್ಮೆ ಕೆಮ್ಮಿ, ಭಾವನನ್ನು ಕರೆದುಕೊಂಡು ಹೊರನಡೆದರು. ದೊಡ್ಡಕ್ಕನೂ ಹೊರಟಳು. ಬಾಗಿಲವರೆಗೆ ಹೋದವಳು ತಿರುಗಿದಳು. ತಂಗಿಯತ್ತ ನೋಡಲಿಲ್ಲ, ಮೂರು ಮಾರು ದೂರದಲ್ಲಿದ್ದ ಪೈಪಜ್ಜಿಯನ್ನು ನೋಡಿ ಮಾತಾಡಿದಳು.

“ಅಜ್ಜಿ, ಅವಳಿಗೆ ಹೇಳು. ಸುಟ್ಟ ಎಲೆ ಮತ್ತೆ ಹಸಿರಾಗಲ್ಲ. ಅದಕ್ಕೆ ಕಾಯೋದು ಬೇಡ. ಪೂರ್ತಿ ಒಣಗಿದ ದಂಟು ಮಾತ್ರ ಬುಡಕ್ಕೆ ಕತ್ತರಿಸ್ಲಿ. ಅರ್ಧ ಹಸಿರಿರೋದನ್ನ ಮುಟ್ಟಬಾರದು, ಗಿಡ ಸದ್ಯಕ್ಕೆ ಅದ್ರಲ್ಲೇ ಉಣ್ಣೋದು.”

“ಅರ್ಧ ಹಸಿರು ಮುಟ್ಟಬಾರದಂತೆ” ಎಂದಳು ಪೈಪಜ್ಜಿ ಚಿಕ್ಕಕ್ಕನಿಗೆ.

“ಕೇಳಿಸ್ತು” ಎಂದಳು ಚಿಕ್ಕಕ್ಕ.

“ಗೊಬ್ಬರ ಹಾಕಕೂಡದು. ಸುಟ್ಟ ಗಿಡಕ್ಕೆ ಗೊಬ್ಬರ ಹಾಕಿದ್ರೆ ಬೇರೂ ಹೋಗುತ್ತೆ. ಗಾಬರಿಗೆ ನೀರು ಸುರೀತಾಳೆ, ಅದೂ ಬೇಡ. ಬೆರಳಿಟ್ಟು ನೋಡಿ, ಮಣ್ಣು ಹಸಿ ಇದ್ರೆ ಸಾಕು. ಹತ್ತು ದಿನ ಪೂರಾ ನೆರಳು. ಹೊಸ ಚಿಗುರಿನ ಸುರುಳಿ ಎದ್ದ ಮೇಲೆ ಬೆಳಗಿನ ಎಳೆಬಿಸಿಲು ಅರ್ಧ ಗಂಟೆ. ಮೂರ್ನಾಲ್ಕು ದಿನಕ್ಕೊಮ್ಮೆ ಸ್ವಲ್ಪ ಸ್ವಲ್ಪ ಜಾಸ್ತಿ. ತುದಿ ಬಿಳಿಚ್ತು ಅಂದ್ರೆ ಅಲ್ಲಿಗೇ ನಿಲ್ಲಿಸಿ ಒಂದು ಹೆಜ್ಜೆ ಹಿಂದಕ್ಕೆ. ಮಧ್ಯಾಹ್ನದ ಬಿಸಿಲು ಮಾತ್ರ ಇಲ್ಲ. ಈ ವರ್ಷವೂ ಇಲ್ಲ, ಮುಂದಿನ ವರ್ಷವೂ ಇಲ್ಲ. ಅವು ಜರಿಗಿಡ, ಕಳ್ಳಿಯಲ್ಲ.”

“ಅಕ್ಕಾ...” ಎಂದಳು ಚಿಕ್ಕಕ್ಕ.

“ಗಿಡಕ್ಕೆ ಹೇಳಿದ್ದು ನಾನು. ನಿಂಗಲ್ಲ” ಎಂದು ದೊಡ್ಡಕ್ಕ ಹೊರಟುಹೋದಳು.

ಆ ದಿನವೇ ಚಿಕ್ಕಕ್ಕ ಕುಂಡಗಳನ್ನೆಲ್ಲ ಅಂಗಡಿಯ ಪಕ್ಕದ, ಬಿಸಿಲು ತಿರುಗದ ಸಂದಿಗೆ ಸೇರಿಸಿದಳು. ಜಾಗ ಸಾಲದೆ ಮೂವತ್ತು ಕುಂಡ ಅಂಗಡಿಯೊಳಗೆ ಬಂದವು. ಗಿರಾಕಿಗಳು ಅವನ್ನು ದಾಟಿಕೊಂಡೇ ಒಳಗೆ ಬರಬೇಕಾಗಿತ್ತು. ಕತ್ತರಿ ಹಿಡಿದು ಎರಡು ದಿನ ಕೂತಳು. ಹದಿನೆಂಟು ಕುಂಡಗಳಲ್ಲಿ ಹಸಿರೇ ಉಳಿದಿರಲಿಲ್ಲ. ಅವನ್ನೂ ಎಸೆಯಲು ಮನಸ್ಸಾಗದೆ ಒಂದು ಬದಿಗೆ ಇಟ್ಟಳು. ಅವುಗಳಲ್ಲಿ ಏಳು ಆಮೇಲೆ ಬುಡದಿಂದ ಚಿಗುರಿದವು, ಹನ್ನೊಂದು ಹಾಗೇ ಹೋದವು.

ಹನ್ನೆರಡನೆಯ ದಿನ ತಾಯಿಗಿಡದ ನಡುವಿನಿಂದ ಕಂದು ರೋಮದ ಪುಟ್ಟ ಸುರುಳಿ ಎದ್ದಿತ್ತು. ಚಿಕ್ಕಕ್ಕ ಮಂಡಿಯೂರಿ ಕೂತು ಅದನ್ನು ಬಹಳ ಹೊತ್ತು ನೋಡಿದಳು. ಇಷ್ಟು ವರ್ಷ ಜರಿಗಿಡ ಮಾರಿದವಳು ಅದರ ಎಲೆ ಹೇಗೆ ಬಿಚ್ಚುತ್ತದೆ ಎಂದು ಒಮ್ಮೆಯೂ ನೋಡಿರಲಿಲ್ಲ.

ಅಲ್ಲಿಂದ ಅವಳ ದಿನಚರಿ ಬದಲಾಯಿತು. ಬೆಳಿಗ್ಗೆ ಏಳೂವರೆಗೆ, ಸೂರ್ಯ ತಗಡಿನ ಮೇಲೆ ಬಂದ ಕೂಡಲೇ, ಕುಂಡಗಳನ್ನು ಕೈಗಾಡಿಯಲ್ಲಿ ಅಂಗಳಕ್ಕೆ. ಎಂಟಕ್ಕೆ ವಾಪಸ್. ನಾಲ್ಕು ದಿನ ಬಿಟ್ಟು ಮುಕ್ಕಾಲು ಗಂಟೆ. ಇನ್ನೂ ನಾಲ್ಕು ದಿನ ಬಿಟ್ಟು ಒಂದು ಗಂಟೆ. ಸೊಂಟ ಹಿಡಿದುಕೊಂಡಿತು. ಅಂಗಡಿಯ ಗೋಡೆಗೆ ಒಂದು ಹಾಳೆ ಅಂಟಿಸಿ ಪ್ರತಿ ಸಾಲೂ ಎಷ್ಟು ಹೊತ್ತು ಹೊರಗಿತ್ತು ಎಂದು ಬರೆದಳು. ಕೊನೆಗೂ ಶೇಡ್ ನೆಟ್ ಬಂತು. ಅದನ್ನು ಕಂಬಗಳ ಮೇಲೆ ಎಳೆದು, ಪಡುವಣ ಬದಿಗೆ ನೆಲದವರೆಗೂ ಇಳಿಬಿಟ್ಟಳು, ತಗಡಿಗೂ ಹಳೆಯ ಗೋಣಿ ಹೊದಿಸಿದಳು.

ಮೂರನೆಯ ವಾರ ಒಂದು ಗುರುವಾರ ಗಿರಾಕಿಯೊಬ್ಬರ ಜೊತೆ ಮಾತಿಗೆ ಬಿದ್ದು ಕುಂಡಗಳನ್ನು ನೆರಳಿಗೆ ತರುವುದನ್ನು ಮರೆತಳು. ನೆನಪಾದಾಗ ಹನ್ನೊಂದೂವರೆ. ಇನ್ನೂ ಬಲೆಯ ಹೊರಗೇ ಇದ್ದ ಒಂದು ಸಾಲಿನ ಹೊಸ ಎಲೆಗಳ ತುದಿ ಮರುದಿನ ಬಿಳಿಚಿತು. ತಗಡಿನ ಆ ಬದಿಯಿಂದ ದೊಡ್ಡಕ್ಕನ ದನಿ ಬಂತು.

“ಅಜ್ಜಿ, ಆ ಕಡೆ ಗಡಿಯಾರ ಇಲ್ವಂತಾ?”

ಅಕ್ಕ ನೋಡುತ್ತಿದ್ದಾಳೆ! ಗೋಣಿ ಮುಚ್ಚದ ಮೂಲೆಯಲ್ಲಿ ತಗಡಿಗೆ ಮೊಳೆ ಹೊಡೆದ ತೂತುಗಳಿದ್ದವು. ಚಿಕ್ಕಕ್ಕನ ಮೈ ಉರಿಯಿತು. ಆ ತೂತುಗಳ ಮೇಲೆ ಇನ್ನೊಂದು ಗೋಣಿ ಕಟ್ಟಿದಳು. ಆದರೂ ಆ ಸಾಲನ್ನು ಎರಡು ದಿನ ನೆರಳಿನಲ್ಲಿಟ್ಟು, ಮತ್ತೆ ಮುಕ್ಕಾಲು ಗಂಟೆಯಿಂದಲೇ ಶುರುಮಾಡಿದಳು. ಭಾವ ಸಿಕ್ಕಾಗ ಮುಖ ತಿರುಗಿಸುತ್ತಿದ್ದರು. ಅಕ್ಕನ ತೊಟ್ಟಿಯ ನೀರೇ ಇಬ್ಬರಿಗೂ ಆಗಬೇಕಿತ್ತು, ಅದು ಯಾರಿಗೆ ಎಷ್ಟು ಹೊತ್ತು ಎಂಬ ಹೊಸ ಜಗಳ ಹುಟ್ಟಿಕೊಂಡಿತು. ವಾರದಲ್ಲಿ ಎರಡು ದಿನವಾದರೂ ತಗಡಿನ ಎರಡೂ ಬದಿಯಿಂದ ಮಾತು ಹಾರುತ್ತಿತ್ತು.

ಎರಡು ತಿಂಗಳಾಗುವಷ್ಟರಲ್ಲಿ ಹಳೆಯ ಉದ್ದದ ಎಲೆಗಳ ಜಾಗದಲ್ಲಿ ಹೊಸವು ತುಂಬಿಕೊಂಡವು. ಅವು ಹಳೆಯವುಗಳ ಹಾಗಿರಲಿಲ್ಲ. ಗಿಡ್ಡ, ದಪ್ಪ, ನೆಟ್ಟಗೆ ನಿಲ್ಲುವಂಥವು, ಬಣ್ಣವೂ ಕೊಂಚ ತಿಳಿ. ನೆರಳಿನಲ್ಲಿ ಹುಟ್ಟಿದ ಎಲೆ ಬಿಸಿಲು ಕಲಿಯುವುದಿಲ್ಲ, ಬೆಳಕಿನಲ್ಲಿ ಬಿಚ್ಚಿದ ಎಲೆಯೇ ಅದಕ್ಕೆ ತಯಾರಾಗಿ ಬರುತ್ತದೆ ಎಂಬುದು ಚಿಕ್ಕಕ್ಕನಿಗೆ ಆ ಹೊತ್ತಿಗೆ ಗೊತ್ತಾಗಿತ್ತು. ಬೆಳಗಿನ ಎರಡು ಗಂಟೆ ಬಿಸಿಲನ್ನು ಅವು ಬಾಡದೆ ತಾಳುತ್ತಿದ್ದವು. ನೂರಾ ಒಂಬತ್ತು ಉಳಿದಿದ್ದವು.

ಒಂದು ಬೆಳಿಗ್ಗೆ ಒಬ್ಬ ಹೆಂಗಸು ಅಂಗಡಿಗೆ ಬಂದರು. ಕೈಯಲ್ಲಿ ಫೋನು, ಅದರಲ್ಲಿ ಮನೆಯ ಜಗಲಿಯ ಫೋಟೋ.

“ಹಿಂದಿನ ನರ್ಸರಿಯವರು ಕಳಿಸಿದ್ರು. ನಮ್ಮ ಜಗಲಿಗೆ ಬೆಳಿಗ್ಗೆ ಬಿಸಿಲು ಬೀಳುತ್ತೆ, ಫರ್ನ್ ಬೇಕು ಅಂದೆ. ಮುಂದಿನ ಅಂಗಡಿಗೆ ಹೋಗಿ, ಅಲ್ಲಿನ ಗಿಡಕ್ಕೆ ಬಿಸಿಲು ಅಭ್ಯಾಸ ಆಗಿದೆ ಅಂದ್ರು.” ಆಕೆ ಫೋನು ಚೀಲಕ್ಕೆ ಹಾಕಿದರು. “ಅಲ್ಲಿರೋಳ ಮಾತು ನಂಬಬೇಡಿ, ಗಿಡ ನಂಬಬಹುದು ಅಂತಲೂ ಅಂದ್ರು. ತಮಾಷೆಗೆ ಅಂದ್ರೇನೋ.”

“ತಮಾಷೆಗಲ್ಲ” ಎಂದಳು ಚಿಕ್ಕಕ್ಕ.

ಹೆಂಗಸು ಎಂಟು ಕುಂಡ ಆರಿಸಿಕೊಂಡರು. ಎರಡನ್ನು ಹಿಂದಿನ ಬಾಲ್ಕನಿಗೆ ಇಡುತ್ತೇನೆ ಎಂದರು. ಅಲ್ಲಿ ಬಿಸಿಲು ಯಾವಾಗ ಬರುತ್ತದೆಂದು ಚಿಕ್ಕಕ್ಕ ಕೇಳಿದಳು. ಮಧ್ಯಾಹ್ನದಿಂದ ಸಂಜೆವರೆಗೆ ಎಂದು ಉತ್ತರ ಬಂತು.

“ಹಾಗಾದ್ರೆ ಆರೇ ತಗೊಳ್ಳಿ. ಆ ಎರಡು ನಾನು ಕೊಡಲ್ಲ.”

“ಅಭ್ಯಾಸ ಆಗಿದೆ ಅಂದ್ರಲ್ಲ?”

“ಬೆಳಗಿನದು ಆಗಿದೆ. ಮಧ್ಯಾಹ್ನದ್ದು ಆಗಲ್ಲ. ಈ ಆರನ್ನೂ ಮೊದಲ ವಾರ ಜಗಲಿ ಒಳಗಡೆ ಇಡಿ, ಆಮೇಲೆ ಸ್ವಲ್ಪ ಸ್ವಲ್ಪವಾಗಿ ಮುಂದಕ್ಕೆ ತನ್ನಿ. ಜಾಗ ಹೊಸದು ಅಲ್ವಾ.”

ಅವರು ಹೋದ ಮೇಲೆ ಚಿಕ್ಕಕ್ಕ ಅಂಗಳಕ್ಕೆ ಬಂದು ತಗಡಿನ ಬಳಿ ನಿಂತಳು. ಆ ಕಡೆ ಮಣ್ಣು ಕಲಸುವ ಸದ್ದು.

“ಅಕ್ಕ, ಗಿರಾಕೀನ ಕಳಿಸಿದ್ದೆಯಂತೆ.”

ಸಲಿಕೆ ನಿಂತಿತು.

“ಗಿಡ ಹೋಗ್ಲಿ ಅಂತ ಕಳಿಸಿದ್ದು. ನಿಂಗೆ ಅಂತ ಅಲ್ಲ.”

“ಗೊತ್ತು.”

“ಗಿಡ ಸುಟ್ಟಾಗ ಗಿರಾಕಿಗಳ ಎದುರಿಗೆ ನನ್ನನ್ನ ಏನಂದೆ ಅಂತ ಮರೆತಿಲ್ಲ ನಾನು.”

“ನಾನೂ ಮರೆತಿಲ್ಲ. ತಪ್ಪಾಯ್ತು ಅಕ್ಕ.”

ಚಿಕ್ಕಕ್ಕ ಕಾದಳು. ಸಲಿಕೆ ಮತ್ತೆ ಮಣ್ಣಿಗೆ ಬಿತ್ತು, ಒಂದು ಸಲ, ಎರಡು ಸಲ.

“ಹತ್ತಾಯ್ತು” ಎಂದಳು ದೊಡ್ಡಕ್ಕ. “ನಿನ್ನ ಸರದಿ. ನೀರು ಬೇಕಾದ್ರೆ ಈಗ ಬಿಟ್ಕೋ. ಹನ್ನೊಂದಕ್ಕೆ ಬಂದ್ ಮಾಡ್ತೀನಿ.”

ಚಿಕ್ಕಕ್ಕ ಪೈಪಿನ ತುದಿ ಹುಡುಕಿಕೊಂಡು ಹೋದಳು.